ಸ್ವೆಟರಿನ ಕುತ್ತಿಗೆ ಪಟ್ಟಿ: ತೂತು ಬೀಳದಂತೆ, ಅಲೆ ಏಳದಂತೆ ಕುಣಿಕೆ ಎತ್ತುವುದು ಹೇಗೆ?

ಸ್ವೆಟರ್ ಹೆಣೆಯುವ ಸೂಚನೆಗಳಲ್ಲಿ ಕೊನೆಗೆ ಒಂದು ವಾಕ್ಯ ಬರುತ್ತದೆ: ‘ಕುತ್ತಿಗೆಯ ಸುತ್ತ 128 ಕುಣಿಕೆಗಳನ್ನು ಸಮನಾಗಿ ಎತ್ತಿಕೊಳ್ಳಿ.’ ಬೆನ್ನಿನ ಭಾಗ, ಎದೆಯ ಭಾಗ, ತೋಳಿನ ಇಳಿಜಾರು ಎಲ್ಲವನ್ನೂ ಸಾಲು ಸಾಲಾಗಿ ಹೇಳಿಕೊಟ್ಟ ಪುಸ್ತಕ ಇಲ್ಲಿಗೆ ಬಂದಾಗ ಮಾತ್ರ ‘ಸಮನಾಗಿ’ ಎಂಬ ಒಂದೇ ಪದ ಹೇಳಿ ಕೈತೊಳೆದುಕೊಳ್ಳುತ್ತದೆ. ಚಳಿ ಶುರುವಾಯಿತೆಂದು ಮೊದಲ ಬಾರಿಗೆ ಕಡ್ಡಿ ಹಿಡಿದವರ ಸ್ವೆಟರ್ ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿ ಉಳಿದುಬಿಡುವುದು ಸಾಮಾನ್ಯವಾಗಿ ಈ ಪದದ ಬಳಿಯೇ.

ನಾನು ಅಣ್ಣನಿಗೆಂದು ಹೆಣೆದ ತೋಳಿಲ್ಲದ, ವಿ ಕುತ್ತಿಗೆಯ ಸ್ವೆಟರಿನ ಕಥೆಯೂ ಅದೇ. ಮೊದಲ ಸಲ ಅಂಚಿನಲ್ಲಿ ಎಲ್ಲೂ ಸಂದು ಬಿಡಬಾರದೆಂದು ಪ್ರತಿ ಸಾಲಿನಿಂದಲೂ ಒಂದೊಂದು ಕುಣಿಕೆ ಎತ್ತಿದೆ. ಪಟ್ಟಿ ಮುಗಿಯುವಷ್ಟರಲ್ಲಿ ಅದು ಬಿಸಿಲಿನಲ್ಲಿ ಒಣಗಿದ ಹಪ್ಪಳದ ಅಂಚಿನಂತೆ ಮೇಲೆ ಕೆಳಗೆ ಏರಿಳಿಯುತ್ತಿತ್ತು. ಬಿಚ್ಚಿದೆ. ಎರಡನೆಯ ಸಲ ಎರಡು ಸಾಲಿಗೆ ಒಂದರಂತೆ ಎತ್ತಿದೆ. ಈಗ ಕುತ್ತಿಗೆ ಲಾಡಿ ಎಳೆದ ಚೀಲದ ಬಾಯಿಯಂತೆ ಮುದುಡಿತು, ಜೊತೆಗೆ ಸಾಲಾಗಿ ತೂತು. ದೊಡ್ಡಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿ, “ತೂತು ಬೇರೆ ರೋಗ, ಅಲೆ ಬೇರೆ ರೋಗ. ನೀನು ಎರಡಕ್ಕೂ ಒಂದೇ ಔಷಧ ಕೊಡುತ್ತಿದ್ದೀಯೆ” ಎಂದರು.

ಈ ವಿಷಯದಲ್ಲಿ ತಿಳಿಯಬೇಕಾದದ್ದರ ಬಹುಪಾಲು ಆ ಮಾತಿನಲ್ಲೇ ಇದೆ. ತೂತು ಬೀಳುವುದು ಕಡ್ಡಿಯನ್ನು ತಪ್ಪು ಜಾಗದಲ್ಲಿ ಚುಚ್ಚುವುದರಿಂದ. ಅಲೆ ಏಳುವುದು, ಮುದುಡುವುದು ಎಣಿಕೆ ತಪ್ಪುವುದರಿಂದ. ತೂತು ಮುಚ್ಚಲೆಂದು ಕುಣಿಕೆ ಹೆಚ್ಚಿಸಿದರೆ ಅಲೆ ಬರುತ್ತದೆ. ಅಲೆ ತಗ್ಗಿಸಲೆಂದು ಕುಣಿಕೆ ಕಡಿಮೆ ಮಾಡಿದರೆ, ಜಾಗ ತಪ್ಪಾಗಿದ್ದಲ್ಲಿ, ತೂತು ಇನ್ನೂ ಬಾಯಿ ಬಿಡುತ್ತದೆ.

ಮೊದಲು ಕೆಲವು ಪದಗಳು

ಕಡ್ಡಿಯ ಮೇಲೆ ಕುಳಿತಿರುವ ನೂಲಿನ ಒಂದೊಂದು ಸುತ್ತನ್ನು ಇಲ್ಲಿ ಕುಣಿಕೆ ಎನ್ನುತ್ತೇನೆ. ಹೊಲಿಗೆ ಎನ್ನುವವರೂ ಇದ್ದಾರೆ, ಆದರೆ ಸೂಜಿಯ ಹೊಲಿಗೆಯೂ ಇದೇ ಕೆಲಸದಲ್ಲಿ ಬರುವುದರಿಂದ ಗೊಂದಲ ಬೇಡ. ಕಡ್ಡಿಯ ಈ ತುದಿಯಿಂದ ಆ ತುದಿಗೆ ಒಮ್ಮೆ ಹೆಣೆದರೆ ಒಂದು ಸಾಲು. ಒಂದರ ಮೇಲೊಂದು ಕುಳಿತ ಕುಣಿಕೆಗಳ ನಿಲುವು ಒಂದು ಕಂಬ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹೆಣೆದಾಗ ಮುಂಬದಿಯಲ್ಲಿ ಜಡೆಯಂತೆ ಕಾಣುವುದು ಈ ಕಂಬಗಳೇ.

ಹೆಣೆದ ತುಂಡಿಗೆ ಎರಡು ಬಗೆಯ ಅಂಚುಗಳಿವೆ. ಕುಣಿಕೆಗಳನ್ನು ಮುಚ್ಚಿದಾಗ ಮೇಲ್ಗಡೆ ಉಳಿಯುವ ಅಂಚು ಒಂದು. ಬೆನ್ನಿನ ಕುತ್ತಿಗೆ ಅಂಥದ್ದು. ಅಲ್ಲಿ ಕುಣಿಕೆಗಳು ಸಾಲಾಗಿ ಎದ್ದು ಕಾಣುತ್ತವೆ, ಒಂದಕ್ಕೆ ಒಂದರಂತೆ ಎತ್ತಿದರೆ ಆಯಿತು. ಇನ್ನೊಂದು, ಸಾಲುಗಳು ತಿರುಗುವ ಜಾಗದಲ್ಲಿ ಕೆಳಗಿನಿಂದ ಮೇಲಕ್ಕೆ ಬೆಳೆಯುವ ಬದಿಯ ಅಂಚು. ವಿ ಕುತ್ತಿಗೆಯ ಎರಡೂ ತೋಳುಗಳು ಈ ಜಾತಿಯವು, ಸ್ವಲ್ಪ ಓರೆಯಾಗಿ ನಿಂತಿರುತ್ತವೆ ಅಷ್ಟೆ. ಇಲ್ಲಿ ಎತ್ತಲು ಸಿದ್ಧವಾದ ಕುಣಿಕೆ ಒಂದೂ ಇಲ್ಲ. ನೂಲಿನ ಗಂಟುಗಂಟಾದ ಅಂಚು ಮಾತ್ರ ಇದೆ.

ಹಾಗಾಗಿ ‘ಎತ್ತುವುದು’ ಎಂಬ ಮಾತೇ ಸ್ವಲ್ಪ ದಾರಿ ತಪ್ಪಿಸುತ್ತದೆ. ಅಂಚಿನಲ್ಲಿರುವ ನೂಲನ್ನೇ ಎಳೆದು ಕಡ್ಡಿಗೆ ಏರಿಸುವುದಲ್ಲ. ಹಾಗೆ ಏರಿಸಿದರೆ ಅದು ಸಡಿಲಗೊಂಡು ಜೋಲುತ್ತದೆ. ಹೊಸ ನೂಲನ್ನು ಹಿಂದೆ ಹಿಡಿದು, ಅಂಚಿನ ಮೂಲಕ ಕಡ್ಡಿ ತೂರಿಸಿ, ಆ ಹೊಸ ನೂಲಿನ ಒಂದು ಸುತ್ತನ್ನು ಮುಂದಕ್ಕೆ ಎಳೆದುಕೊಳ್ಳಬೇಕು. ಕಡ್ಡಿಯ ಮೇಲೆ ಕೂರುವ ಪ್ರತಿಯೊಂದು ಕುಣಿಕೆಯೂ ಹೊಸ ನೂಲಿನದು.

ಕಡ್ಡಿ ಎಲ್ಲಿ ತೂರಬೇಕು?

ತುಂಡಿನ ಮುಂಬದಿ ನಿಮ್ಮ ಕಡೆಗಿರಲಿ. ಅಂಚಿನ ಕಂಬವನ್ನೂ ಅದರ ಪಕ್ಕದ ಕಂಬವನ್ನೂ ಎರಡು ಹೆಬ್ಬೆರಳುಗಳಿಂದ ಮೆಲ್ಲಗೆ ಬೇರೆ ಬೇರೆ ಎಳೆಯಿರಿ. ನಡುವೆ ಏಣಿಯ ಮೆಟ್ಟಿಲುಗಳಂತೆ ಅಡ್ಡ ಎಳೆಗಳು ಕಾಣುತ್ತವೆ. ಒಂದು ಮೆಟ್ಟಿಲು ಎಂದರೆ ಒಂದು ಸಾಲು. ಕಡ್ಡಿ ತೂರಬೇಕಾದದ್ದು ಒಂದು ಮೆಟ್ಟಿಲಿಗೂ ಇನ್ನೊಂದಕ್ಕೂ ನಡುವಿನ ಸಂದಿನಲ್ಲಿ, ಮುಂದಿನಿಂದ ಹಿಂದಕ್ಕೆ. ಆಗ ಕಡ್ಡಿಯ ಮೇಲೆ ಅಂಚಿನ ಕಂಬದ ಇಡೀ ಕುಣಿಕೆ, ಅಂದರೆ ಎರಡು ಎಳೆಗಳು, ಒಟ್ಟಿಗೆ ಬರುತ್ತವೆ.

ಹೊಸಬರು ಬಹುತೇಕ ತೂರುವುದು ಇಲ್ಲಲ್ಲ. ಅಂಚಿನ ತೀರಾ ಹೊರಗೆ ಸಣ್ಣ ಉಬ್ಬುಗಳೂ ಅವುಗಳ ಪಕ್ಕದಲ್ಲಿ ಕೈಗೆ ಸುಲಭವಾಗಿ ಸಿಗುವ ಸಡಿಲ ಎಳೆಗಳೂ ಇರುತ್ತವೆ. ಕಣ್ಣಿಗೆ ಅವೇ ತೂತುಗಳಂತೆ ಕಾಣುವುದರಿಂದ ಕಡ್ಡಿ ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಆದರೆ ಅಲ್ಲಿ ಕಡ್ಡಿಯ ಮೇಲೆ ಬರುವುದು ಒಂದೇ ಎಳೆ. ಪಟ್ಟಿಯ ಭಾರ, ತಲೆ ತೂರಿಸುವಾಗಿನ ಎಳೆತ ಎಲ್ಲವೂ ಆ ಒಂಟಿ ಎಳೆಯ ಮೇಲೆ ಬೀಳುತ್ತದೆ. ಅದು ಪಕ್ಕದ ಕುಣಿಕೆಗಳಿಂದ ನೂಲು ಎಳೆದುಕೊಂಡು ಉದ್ದವಾಗುತ್ತದೆ, ಅದರ ಕೆಳಗೆ ಕಿಂಡಿ ತೆರೆದುಕೊಳ್ಳುತ್ತದೆ. ತೂತಿನ ಹುಟ್ಟು ಇದೇ. ಹೊರಗಿನಿಂದ ನೋಡಿದರೆ ಅಲ್ಲಿ ಒಂದು ಕುಣಿಕೆ ಕಡಿಮೆಯಾಗಿದೆ ಎನಿಸುತ್ತದೆ. ನಿಜದಲ್ಲಿ ಕಡಿಮೆಯಾಗಿರುವುದು ಕಡ್ಡಿಯ ಕೆಳಗಿನ ಒಂದು ಎಳೆ.

ಸರಿಯಾದ ಸಂದಿನಲ್ಲಿ ತೂರಿದಾಗ ಅಂಚಿನ ಕಂಬ ಪೂರ್ತಿಯಾಗಿ ಒಳಬದಿಗೆ ಮಡಚಿಕೊಂಡು ಹೋಗುತ್ತದೆ. ರವಿಕೆ ಹೊಲಿಯುವಾಗ ದರ್ಜಿ ಹೊಲಿಗೆಯ ಆಚೆಗೆ ಸ್ವಲ್ಪ ಬಟ್ಟೆ ಬಿಡುವಂತೆಯೇ ಇದು. ಮುಂಬದಿಯಲ್ಲಿ ಅಚ್ಚುಕಟ್ಟಾದ ಎರಡನೆಯ ಕಂಬ ಪಟ್ಟಿಯ ಬುಡದ ಗೆರೆಯಾಗಿ ನಿಲ್ಲುತ್ತದೆ, ಉಬ್ಬುತಗ್ಗುಗಳ ಹೊರ ಅಂಚು ಕಾಣದಾಗುತ್ತದೆ. ತೀರಾ ದಪ್ಪ ಉಲ್ಲನ್ನಿನಲ್ಲಿ ಈ ಮಡಿಕೆ ಒಳಗೆ ದಿಂಡಿನಂತೆ ಚುಚ್ಚಬಹುದು. ಅಂಥ ಕಡೆ ಅಂಚಿನ ಕುಣಿಕೆಯ ನಡುವಿನಿಂದ ಎತ್ತುವವರಿದ್ದಾರೆ. ಆದರೆ ಆಗ ಮತ್ತೆ ಒಂಟಿ ಎಳೆಯ ಸಮಸ್ಯೆ. ಮಾಮೂಲಿ ದಪ್ಪದ ನೂಲಿಗೆ ಒಂದು ಇಡೀ ಕುಣಿಕೆ ಒಳಗೆ ಹೋಗುವುದೇ ಸರಿ ಎಂಬುದು ನನ್ನ ಅನುಭವ.

ಇದಕ್ಕೆ ಹೆಣೆಯುವಾಗಲೇ ಸಿದ್ಧತೆ ಬೇಕು. ವಿ ಆಕಾರಕ್ಕಾಗಿ ಕುಣಿಕೆ ತಗ್ಗಿಸುವಾಗ ತೀರಾ ಅಂಚಿನಲ್ಲಿ ತಗ್ಗಿಸಬೇಡಿ. ಅಂಚಿನ ಒಂದು ಅಥವಾ ಎರಡು ಕುಣಿಕೆಗಳನ್ನು ಹಾಗೆಯೇ ಬಿಟ್ಟು ಅವುಗಳ ಪಕ್ಕದಲ್ಲಿ ಎರಡನ್ನು ಒಂದು ಮಾಡಿ. ಆಗ ಅಂಚಿನ ಕಂಬ ಕೆಳಗಿನಿಂದ ಭುಜದವರೆಗೆ ಎಲ್ಲೂ ಕಡಿಯದೆ ಸಾಗುತ್ತದೆ, ಏಣಿಯ ಮೆಟ್ಟಿಲುಗಳು ಎಣಿಸಲು ಸಿಗುತ್ತವೆ. ತುದಿಯಲ್ಲೇ ತಗ್ಗಿಸಿದರೆ ಕಂಬ ಅಲ್ಲಲ್ಲಿ ಮುರಿದು ಯಾವ ಸಂದು ಯಾವ ಸಾಲಿನದು ಎಂಬುದೇ ತಿಳಿಯುವುದಿಲ್ಲ.

ಇನ್ನೊಂದು ರೂಢಿಯಿದೆ: ಪ್ರತಿ ಸಾಲಿನ ಮೊದಲ ಕುಣಿಕೆಯನ್ನು ಹೆಣೆಯದೆ ಹಾಗೆಯೇ ದಾಟಿಸುವುದು. ಶಾಲಿನ ಅಂಚಿಗೆ ಅದು ಚೆಂದ, ಸರಪಳಿಯಂತೆ ಕಾಣುತ್ತದೆ. ಆದರೆ ಪಟ್ಟಿ ಎತ್ತಬೇಕಾದ ಅಂಚಿನಲ್ಲಿ ಬೇಡ. ಅಲ್ಲಿ ಎರಡು ಸಾಲಿಗೆ ಒಂದೇ ಉದ್ದನೆಯ ಸರಪಳಿ ಕೊಂಡಿ ಇರುತ್ತದೆ. ಕೊಂಡಿಗೆ ಒಂದರಂತೆ ಎತ್ತಿದರೆ ಎಣಿಕೆ ಸಾಲದು. ಎರಡು ಕೊಂಡಿಗೆ ಮೂರರಂತೆ ಎತ್ತಲು ಹೊರಟರೆ ಮೊದಲೇ ಸಡಿಲವಾಗಿರುವ ಕೊಂಡಿ ಇನ್ನಷ್ಟು ಜಗ್ಗುತ್ತದೆ.

ಸಾಲಿಗೊಂದರಂತೆ ಎತ್ತಿದರೆ ಏಕೆ ಅಲೆಯಾಗುತ್ತದೆ?

ಒಂದು ಕುಣಿಕೆ ಚೌಕವಲ್ಲ ಎಂಬುದೇ ಕಾರಣ. ಅದು ಎತ್ತರಕ್ಕಿಂತ ಹೆಚ್ಚು ಅಗಲವಾಗಿರುತ್ತದೆ. ಅಣ್ಣನ ಸ್ವೆಟರನ್ನು ನಾನು 8ನೇ ನಂಬರಿನ, ಅಂದರೆ 4 ಮಿಲಿಮೀಟರ್ ಕಡ್ಡಿಯಲ್ಲಿ ಹೆಣೆದಿದ್ದೆ. ಅದರ ಮೇಲೆ ಟೇಪು ಇಟ್ಟು ಎಣಿಸಿದಾಗ ಅಡ್ಡಕ್ಕೆ 10 ಸೆಂಟಿಮೀಟರಿಗೆ 22 ಕುಣಿಕೆ, ಉದ್ದಕ್ಕೆ 10 ಸೆಂಟಿಮೀಟರಿಗೆ 30 ಸಾಲು ಇದ್ದವು. ಒಂದು ಕುಣಿಕೆಯ ಅಗಲ ಸುಮಾರು ನಾಲ್ಕೂವರೆ ಮಿಲಿಮೀಟರ್, ಒಂದು ಸಾಲಿನ ಎತ್ತರ ಮೂರು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು.

ಇಟ್ಟಿಗೆ ಗೋಡೆಯನ್ನು ನೆನೆಯಿರಿ. ಇಟ್ಟಿಗೆಗಳನ್ನು ಮಲಗಿಸಿ ವರಸೆಯ ಮೇಲೆ ವರಸೆ ಕಟ್ಟಿದ್ದಾರೆ. ಈಗ ಆ ಗೋಡೆಯ ಬದಿಗೆ, ಕೆಳಗಿನಿಂದ ಮೇಲಕ್ಕೆ, ಇಟ್ಟಿಗೆಗಳನ್ನು ಉದ್ದುದ್ದ ನಿಲ್ಲಿಸಿ ಜೋಡಿಸಬೇಕು. ವರಸೆಗೊಂದು ಇಟ್ಟಿಗೆ ಎಂದು ಲೆಕ್ಕ ಹಾಕಿದರೆ ಅವು ಗೋಡೆಯನ್ನು ಮೀರಿ ಬೆಳೆಯುತ್ತವೆ, ಏಕೆಂದರೆ ವರಸೆಯ ಎತ್ತರಕ್ಕಿಂತ ಇಟ್ಟಿಗೆಯ ಉದ್ದ ದೊಡ್ಡದು. ಕುತ್ತಿಗೆ ಪಟ್ಟಿಯಲ್ಲೂ ಹೊಸ ಕುಣಿಕೆಗಳು ಹಳೆಯವಕ್ಕೆ ಅಡ್ಡಲಾಗಿ ತಿರುಗಿ ಕೂರುತ್ತವೆ. ಹಳೆಯ ಸಾಲಿನ ಎತ್ತರದ ಮೇಲೆ ಹೊಸ ಕುಣಿಕೆಯ ಅಗಲ ಹೊಂದಬೇಕು. ಗೋಡೆಯಾದರೆ ಮೀರಿ ನಿಲ್ಲುತ್ತದೆ. ಬಟ್ಟೆಗೆ ಹಾಗೆ ನಿಲ್ಲಲಾಗದು, ಆದ್ದರಿಂದ ಅದು ಅಲೆಯಾಗಿ ಮಡಚಿಕೊಳ್ಳುತ್ತದೆ.

ಹಾಗಾದರೆ ಎಷ್ಟು ಎತ್ತಬೇಕು? ಒಂದೇ ಉದ್ದದಲ್ಲಿರುವ ಕುಣಿಕೆಗಳನ್ನು ಸಾಲುಗಳಿಂದ ಭಾಗಿಸಿ. 22ನ್ನು 30ರಿಂದ ಭಾಗಿಸಿದರೆ 0.73, ಹತ್ತಿರ ಹತ್ತಿರ ಮುಕ್ಕಾಲು. ನಾಲ್ಕು ಸಾಲಿಗೆ ಮೂರು ಕುಣಿಕೆ. ಹೆಣಿಗೆ ಬಲ್ಲವರು ‘ಮೂರು ಎತ್ತಿ ಒಂದು ಬಿಡು’ ಎನ್ನುವುದು ಎಲ್ಲಿಂದ ಬಂತೆಂದು ಈಗ ತಿಳಿಯಿತಲ್ಲ. ಸೀದಾ ಉಲ್ಟಾ ಹೆಣಿಗೆಯ ಬಹುಪಾಲು ಸ್ವೆಟರುಗಳಿಗೆ ಇದು ಹೊಂದುತ್ತದೆ, ಆದರೆ ಇದು ದೇವರು ಬರೆದ ಲೆಕ್ಕವಲ್ಲ. ಕೆಲವರ ಕೈಯಲ್ಲಿ ಸಾಲು ಎತ್ತರವಾಗಿ ಬರುತ್ತದೆ. ಅವರಿಗೆ ಐದಕ್ಕೆ ನಾಲ್ಕು ಬೇಕಾಗಬಹುದು. ಎರಡೂ ಬದಿ ಸೀದಾ ಹೆಣೆಯುವ ಗಾರ್ಟರ್ ಹೆಣಿಗೆಯಲ್ಲಿ ಸಾಲುಗಳು ಒಂದರೊಳಗೊಂದು ಕುಗ್ಗಿ ಕೂರುವುದರಿಂದ ಎರಡು ಸಾಲಿಗೆ ಒಂದೇ ಸಾಕು, ಅಂದರೆ ಕಾಣುವ ಪ್ರತಿ ದಿಂಡಿಗೆ ಒಂದು. ನಿಮ್ಮ ತುಂಡಿನ ಮೇಲೆ ಟೇಪು ಇಟ್ಟು ಒಮ್ಮೆ ಭಾಗಾಕಾರ ಮಾಡುವುದು ಯಾವ ಸೂತ್ರಕ್ಕಿಂತಲೂ ನಂಬಿಕೆಯ ದಾರಿ.

ಇಲ್ಲಿ ಒಂದು ಅನುಮಾನ ಎಲ್ಲರಿಗೂ ಬರುತ್ತದೆ: ನಾಲ್ಕನೆಯ ಸಂದನ್ನು ಬಿಟ್ಟರೆ ಅಲ್ಲಿ ತೂತು ಬೀಳುವುದಿಲ್ಲವೇ? ಬೀಳುವುದಿಲ್ಲ. ಬಿಟ್ಟ ಸಂದಿನ ಮೇಲೂ ಅಂಚಿನ ಕಂಬ ಮಡಚಿಕೊಂಡೇ ಇರುತ್ತದೆ, ಅದರ ಎರಡು ಎಳೆಗಳು ಜಗ್ಗದೆ ತಮ್ಮ ಜಾಗದಲ್ಲೇ ಇರುತ್ತವೆ, ಆಚೀಚಿನ ಹೊಸ ಕುಣಿಕೆಗಳು ತಮ್ಮ ಅಗಲದಿಂದ ಆ ಜಾಗವನ್ನು ತುಂಬುತ್ತವೆ. ಎರಡು ಸಂದುಗಳನ್ನು ಒಟ್ಟಿಗೆ ಬಿಟ್ಟರೆ ಮಾತ್ರ ಪಟ್ಟಿಯ ಬುಡದಲ್ಲಿ ಒಂದು ಉದ್ದನೆಯ ಎಳೆ ಕಾಣಿಸಿಕೊಳ್ಳುತ್ತದೆ.

ಅಣ್ಣನ ಸ್ವೆಟರಿನ ಲೆಕ್ಕ

ಮೂರನೆಯ ಸಲ ಕಡ್ಡಿ ಹಿಡಿಯುವ ಮೊದಲು ದೊಡ್ಡಮ್ಮ ಕಾಗದ, ಪೆನ್ಸಿಲು ಕೈಗೆ ಕೊಟ್ಟರು. ವಿ ಕುತ್ತಿಗೆ ಎದೆಯ ನಡುವಿನ ಒಂದು ಕುಣಿಕೆಯಿಂದ ಆರಂಭವಾಗಿತ್ತು. ಅದನ್ನು ಪಿನ್ನಿನಲ್ಲಿ ಸಿಕ್ಕಿಸಿಟ್ಟಿದ್ದೆ. ಅಲ್ಲಿಂದ ಭುಜದವರೆಗೆ ಒಂದೊಂದು ಬದಿಗೆ 60 ಸಾಲು, ಅಂದರೆ 20 ಸೆಂಟಿಮೀಟರ್ ಆಳ. ಆ 60 ಸಾಲುಗಳಲ್ಲಿ ಬದಿಗೆ 18 ಕುಣಿಕೆ ತಗ್ಗಿಸಿದ್ದೆ. ಬೆನ್ನಿನ ಕಡೆ ಮುಚ್ಚಿದ ಕುಣಿಕೆಗಳು 37: ಎರಡು ಬದಿಯ ಹದಿನೆಂಟು ಹದಿನೆಂಟು, ನಡುವಿನದೊಂದು.

ಅಂಚು ಓರೆಯಾಗಿರುವುದರಿಂದ ಅದರ ನಿಜವಾದ ಉದ್ದ 20 ಸೆಂಟಿಮೀಟರಿಗಿಂತ ಹೆಚ್ಚು. ಜಗ್ಗದೆ ಟೇಪು ಹಿಡಿದಾಗ ಇಪ್ಪತ್ತೊಂದೂವರೆ ಬಂತು. ಮೊದಲ ಸಲ ನಾನು ಅಲ್ಲಿ 60 ಕುಣಿಕೆ ಎತ್ತಿದ್ದೆನಲ್ಲ, ಅವುಗಳಿಗೆ ಬೇಕಾದ ಜಾಗ ಸುಮಾರು 27 ಸೆಂಟಿಮೀಟರ್. ಹೆಚ್ಚಾದ ಐದೂವರೆ ಸೆಂಟಿಮೀಟರೇ ಹಪ್ಪಳದ ಅಲೆಯಾಗಿತ್ತು. ಎರಡನೆಯ ಸಲದ 30 ಕುಣಿಕೆಗಳು 14 ಸೆಂಟಿಮೀಟರಿಗೂ ಸಾಲುತ್ತಿರಲಿಲ್ಲ.

ಅಂಚಿಗೆ ಸರಿಯಾಗಿ ಹೊಂದುವ ಎಣಿಕೆ 47. ಮುಕ್ಕಾಲಿನ ಲೆಕ್ಕದಲ್ಲಿ ಬರುವುದು 45. ನಾವು ಆರಿಸಿದ್ದು 45. ಎರಡು ಕುಣಿಕೆ ಕಡಿಮೆಯಾದದ್ದು ಇಲ್ಲಿ ಒಳ್ಳೆಯದೇ: ಪಟ್ಟಿ ಸ್ವಲ್ಪವೇ ಸ್ವಲ್ಪ ಬಿಗಿಯಾಗಿ ಅಂಚನ್ನು ಹಿಡಿದುಕೊಳ್ಳುತ್ತದೆ, ಧರಿಸಿದಾಗ ಎದೆಯ ಮೇಲೆ ಒತ್ತಿ ಕೂರುತ್ತದೆ. ಎರಡು ಹೆಚ್ಚಾಗಿದ್ದರೆ ಒಂದೆರಡು ಸಲ ತೊಳೆದ ಮೇಲೆ ಜೋಲುತ್ತಿತ್ತು. ಎಣಿಕೆ ಎರಡರ ನಡುವೆ ತೂಗಾಡುವಾಗ ಕಡಿಮೆಯ ಕಡೆಗೇ ವಾಲಬೇಕು.

ಹೀಗೆ ಒಟ್ಟು: ಎಡಕ್ಕೆ 45, ನಡುವಿನದು 1, ಬಲಕ್ಕೆ 45, ಬೆನ್ನಿಗೆ 37. ಕೂಡಿದರೆ 128. ಪುಸ್ತಕದ ‘ಸಮನಾಗಿ’ಯ ಹಿಂದೆ ಅಡಗಿದ್ದ ಲೆಕ್ಕ ಇಷ್ಟೇ. ಅದು ಸಮನೂ ಅಲ್ಲ: ಬೆನ್ನಿನಲ್ಲಿ ಕುಣಿಕೆಗೆ ಕುಣಿಕೆ, ಬದಿಗಳಲ್ಲಿ ನಾಲ್ಕಕ್ಕೆ ಮೂರು.

ಎತ್ತುವ ಕೆಲಸ

ಪಟ್ಟಿಗೆ ದೇಹದ ಭಾಗಕ್ಕಿಂತ ಸಣ್ಣ ಕಡ್ಡಿ ಬೇಕು. ನಾನು ತೆಗೆದುಕೊಂಡದ್ದು 10ನೇ ನಂಬರು, 3.25 ಮಿಲಿಮೀಟರ್, ನಡುವೆ ತಂತಿಯಿರುವ ಸುತ್ತುಕಡ್ಡಿ. ನಮ್ಮ ಹಳೆಯ ನಂಬರುಗಳಲ್ಲಿ ನಂಬರು ಹೆಚ್ಚಿದಷ್ಟೂ ಕಡ್ಡಿ ಸಣ್ಣದು ಎಂಬುದನ್ನು ಹೊಸಬರು ಮರೆಯಬಾರದು. ಭುಜಗಳನ್ನು ಮೊದಲೇ ಜೋಡಿಸಿರಬೇಕು.

ಒಂದು ಬದಿಯ 60 ಸಾಲುಗಳನ್ನು ಎಣಿಸುತ್ತಾ ಹನ್ನೆರಡು ಹನ್ನೆರಡಕ್ಕೆ ಒಂದು ಪಿನ್ನು ಸಿಕ್ಕಿಸಿದೆ. ಐದು ಭಾಗಗಳಾದವು. ಒಂದೊಂದು ಭಾಗದಲ್ಲಿ ಒಂಬತ್ತು ಕುಣಿಕೆ ಬಂದರೆ 45 ತಾನಾಗಿಯೇ ಆಗುತ್ತದೆ. 45ರವರೆಗೆ ಒಂದೇ ಉಸಿರಿನಲ್ಲಿ ಎಣಿಸುವುದಕ್ಕಿಂತ ಒಂಬತ್ತರವರೆಗೆ ಐದು ಸಲ ಎಣಿಸುವುದು ಮೇಲು. ತಪ್ಪಿದರೂ ಯಾವ ಭಾಗದಲ್ಲಿ ತಪ್ಪಿತೆಂದು ಗೊತ್ತಾಗುತ್ತದೆ.

ಯಾವ ಸಂದನ್ನು ಬಿಡಬೇಕು ಎಂಬುದರಲ್ಲೂ ಒಂದು ಜಾಣತನವಿದೆ. ‘ಮೂರು ಎತ್ತಿ ಒಂದು ಬಿಡು’ ಎಂದು ಶುರುಮಾಡಿದರೆ ಬಿಡುವ ಸಂದು ಸರಿಯಾಗಿ ಮೂಲೆಯಲ್ಲೇ ಬಂದು ಬೀಳಬಹುದು, ಅಂಚಿನ ದುರ್ಬಲ ಜಾಗಗಳು ಮೂಲೆಗಳೇ. ಆದ್ದರಿಂದ ನಾಲ್ಕರ ಪ್ರತಿ ಗುಂಪಿನಲ್ಲಿ ಮೊದಲ ಎರಡನ್ನು ಎತ್ತಿ, ಮೂರನೆಯದನ್ನು ಬಿಟ್ಟು, ನಾಲ್ಕನೆಯದನ್ನು ಎತ್ತಿ. ಎಣಿಕೆ ಅದೇ, ಆದರೆ ಭುಜದ ಪಕ್ಕದ ಸಂದೂ ವಿ ತುದಿಯ ಪಕ್ಕದ ಸಂದೂ ಖಂಡಿತವಾಗಿ ತುಂಬಿರುತ್ತವೆ.

ಸ್ವೆಟರ್ ಧರಿಸುವವರ ಎಡಭುಜದ ಜೋಡಣೆಯಿಂದ ಆರಂಭ. ಮುಂಬದಿ ನಮ್ಮ ಕಡೆ, ನೂಲು ಹಿಂದೆ, ಒಂದು ಗೇಣು ಬಾಲ ಬಿಟ್ಟುಕೊಂಡಿರಬೇಕು. ಕಡ್ಡಿ ಸಂದಿನಲ್ಲಿ ತೂರಿ, ನೂಲನ್ನು ಸೀದಾ ಹೆಣೆಯುವಾಗಿನಂತೆ ಸುತ್ತಿ, ಮುಂದಕ್ಕೆ ಎಳೆದುಕೊಳ್ಳುವುದು. ಕಡ್ಡಿಯ ಮೊನೆ ಜಾರುತ್ತಿದ್ದರೆ ಕ್ರೋಶಾ ಕಡ್ಡಿಯಿಂದ ಎಳೆದು ಹೆಣಿಗೆ ಕಡ್ಡಿಗೆ ಏರಿಸಬಹುದು. ಪ್ರತಿ ಎಳೆತದ ಬಳಿಕ ನೂಲನ್ನು ಹಿಂದಿನಿಂದ ಒಮ್ಮೆ ಹಿತವಾಗಿ ಬಿಗಿಮಾಡಬೇಕು, ಇಲ್ಲದಿದ್ದರೆ ಬುಡದಲ್ಲಿ ಸಡಿಲ ಉಳಿಯುತ್ತದೆ.

ವಿ ತುದಿಗೆ ಬಂದಾಗ ಪಿನ್ನಿನಲ್ಲಿದ್ದ ನಡುವಿನ ಕುಣಿಕೆಯನ್ನು ಸೀದಾ ಹೆಣೆದು, ಅದಕ್ಕೆ ಬೇರೆ ಬಣ್ಣದ ನೂಲಿನ ಗುರುತು ಕಟ್ಟಿದೆ. ಎದೆಯ ಭಾಗ ಎರಡಾಗಿ ಒಡೆಯುವ ಜಾಗ ಇದೇ ಆದ್ದರಿಂದ ಈ ಕುಣಿಕೆಯ ಅಕ್ಕಪಕ್ಕದಲ್ಲಿ ಸಂದು ಅಗಲವಾಗುತ್ತದೆ. ಎಷ್ಟು ಹತ್ತಿರದಿಂದ ಎತ್ತಿದರೂ ಕಿಂಡಿ ಕಂಡರೆ, ಅಲ್ಲಿನ ಅಡ್ಡ ಎಳೆಯನ್ನು ಒಂದು ತಿರುವು ಕೊಟ್ಟು ಕಡ್ಡಿಗೆ ಏರಿಸಿ, ಮುಂದಿನ ಸುತ್ತಿನಲ್ಲಿ ಪಕ್ಕದ ಕುಣಿಕೆಯೊಂದಿಗೆ ಸೇರಿಸಿ ಒಂದು ಮಾಡಿ. ಹೀಗೆ ಎಣಿಕೆ ಕೆಡದೆ ಕಿಂಡಿ ಮುಚ್ಚುತ್ತದೆ. ಭುಜದ ಜೋಡಣೆ ಬೆನ್ನಿನ ಅಂಚನ್ನು ಸೇರುವ ಎರಡು ಮೂಲೆಗಳಿಗೂ ಇದೇ ಉಪಾಯ. ತೂತಿಗೆಂದು ಹೆಚ್ಚಿನ ಕುಣಿಕೆ ಎತ್ತುವುದು ಸರಿಯಾಗುವುದು ಈ ಮೂಲೆಗಳಲ್ಲಿ ಮಾತ್ರ. ಅದೂ ಮರುಸುತ್ತಿನಲ್ಲೇ ಅದನ್ನು ತೆಗೆದುಹಾಕುವ ಷರತ್ತಿನ ಮೇಲೆ.

ಪಟ್ಟಿ

ಒಂದು ಉಲ್ಟಾ, ಒಂದು ಸೀದಾ ಎಂದು ರಿಬ್ ಹೆಣೆಯುತ್ತಾ ಹೋಗುವುದು. ನಡುವಿನ ಕುಣಿಕೆ ಎಡಭುಜದಿಂದ ಎಣಿಸಿದರೆ 46ನೆಯದು. ಅದು ಸೀದಾ ಆಗಿರಬೇಕು ಎಂದರೆ ಸುತ್ತು ಉಲ್ಟಾದಿಂದ ಆರಂಭವಾಗಬೇಕು. ಆಗ ಅದರ ಎರಡೂ ಪಕ್ಕ ಒಂದೇ ಥರ ಕಾಣುತ್ತದೆ. ಎರಡನೆಯ ಸುತ್ತಿನಿಂದ, ನಡುವಿನ ಕುಣಿಕೆಯನ್ನೂ ಅದರ ಅಕ್ಕಪಕ್ಕದ ಎರಡನ್ನೂ ಕೂಡಿಸಿ ಪ್ರತಿ ಸುತ್ತಿನಲ್ಲೂ ಒಂದು ಮಾಡಬೇಕು, ನಡುವಿನದು ಮೇಲೆ ನಿಲ್ಲುವಂತೆ. ಇದಕ್ಕೆ ಮೊದಲ ಎರಡನ್ನು ಒಟ್ಟಿಗೆ ಸೀದಾ ರೀತಿಯಲ್ಲಿ ದಾಟಿಸಿ, ಮೂರನೆಯದನ್ನು ಸೀದಾ ಹೆಣೆದು, ದಾಟಿಸಿದವನ್ನು ಅದರ ಮೇಲಿಂದ ಹಾಯಿಸಬೇಕು. ಈ ತಗ್ಗಿಸುವಿಕೆಯನ್ನು ಸುತ್ತು ಬಿಟ್ಟು ಸುತ್ತಿಗೆ ಮಾಡಿದರೆ ಕಡಿದಾದ ವಿ ಕುತ್ತಿಗೆಯ ತುದಿ ಕೊಕ್ಕಿನಂತೆ ಮುಂದಕ್ಕೆ ಚಾಚುತ್ತದೆ. ಅದನ್ನೂ ಬದಿಯ ಅಂಚಿನ ತಪ್ಪೆಂದು ತಿಳಿದು ಇಡೀ ಪಟ್ಟಿ ಬಿಚ್ಚಿದವರಿದ್ದಾರೆ.

ಎಂಟು ಸುತ್ತು ಮುಗಿದಾಗ 114 ಕುಣಿಕೆ ಉಳಿದವು. ಮುಚ್ಚುವಾಗ ರಿಬ್ ಹೇಗಿದೆಯೋ ಹಾಗೆಯೇ, ಸೀದಾ ಬಂದಲ್ಲಿ ಸೀದಾ, ಉಲ್ಟಾ ಬಂದಲ್ಲಿ ಉಲ್ಟಾ ಹೆಣೆಯುತ್ತಾ ಮುಚ್ಚಬೇಕು. ಕೈ ಬಿಗಿಯಾದರೆ ತಲೆ ತೂರುವುದಿಲ್ಲ. ತೀರಾ ಸಡಿಲವಾದರೆ ಲೆಕ್ಕವೆಲ್ಲ ಸರಿಯಿದ್ದರೂ ಮೇಲಂಚು ಅಗಲವಾಗಿ ಬಾಯಿ ಬಿಡುತ್ತದೆ.

ತಪ್ಪಾಗಿದೆಯೆಂದು ಯಾವಾಗ ತಿಳಿಯುತ್ತದೆ?

ಕುಣಿಕೆ ಎತ್ತಿದ ಕೂಡಲೇ ತಿಳಿಯುವುದಿಲ್ಲ, ಕಡ್ಡಿ ಎಲ್ಲವನ್ನೂ ತನ್ನ ಆಕಾರಕ್ಕೆ ಬಗ್ಗಿಸಿಕೊಂಡಿರುತ್ತದೆ. ಮೂರು ಸುತ್ತು ಹೆಣೆದ ಮೇಲೆ ಕುಣಿಕೆಗಳನ್ನೆಲ್ಲ ಒಂದು ಉದ್ದನೆಯ ದಾರಕ್ಕೆ ಇಳಿಸಿ, ಸ್ವೆಟರನ್ನು ಚಾಪೆಯ ಮೇಲೆ ಎಳೆಯದೆ ಹರಡಿ. ಪಟ್ಟಿ ಏರಿಳಿಯುತ್ತಿದ್ದರೆ ಕುಣಿಕೆ ಹೆಚ್ಚು. ಪಟ್ಟಿ ನೇರವಾಗಿದ್ದು ಅದರ ಕೆಳಗಿನ ಎದೆಯ ಭಾಗ ಸುಕ್ಕುಗಟ್ಟಿದ್ದರೆ ಕುಣಿಕೆ ಕಡಿಮೆ. ಸುಕ್ಕು ಒಂದೇ ಜಾಗದಲ್ಲಿದ್ದರೆ ಒಟ್ಟು ಲೆಕ್ಕ ಸರಿಯಿದೆ, ಹಂಚಿಕೆ ತಪ್ಪಿದೆ ಎಂದರ್ಥ. ಪಿನ್ನು ಹಾಕದೆ ಎತ್ತಿ, ಕೊನೆಗೆ ಎಣಿಕೆ ಸಾಲದೆಂದು ಭುಜದ ಹತ್ತಿರ ಒತ್ತೊತ್ತಾಗಿ ತುರುಕಿದಾಗ ಹೀಗಾಗುತ್ತದೆ. ತೂತು ನೋಡಲು ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ.

ಕುಣಿಕೆ ಹೆಚ್ಚಾಗಿದೆ ಎಂದಾದರೆ ಅಂಚಿನವರೆಗೆ ಬಿಚ್ಚಬೇಕಿಲ್ಲ. ಎತ್ತಿದ ಸಾಲನ್ನು ಉಳಿಸಿಕೊಂಡು, ಅದರ ಮೇಲಿನ ಮೊದಲ ಸುತ್ತಿನಲ್ಲಿ ಎರಡು ಹೆಣೆದು ಮುಂದಿನ ಎರಡನ್ನು ಒಂದು ಮಾಡುತ್ತಾ ಹೋದರೆ 60 ತಾನಾಗಿಯೇ 45ಕ್ಕೆ ಇಳಿಯುತ್ತದೆ. ಕಪ್ಪು, ಕಡುನೀಲಿ ಬಣ್ಣದ ನೂಲಿನಲ್ಲಿ ಸಂದು ಎಣಿಸಲು ಕಣ್ಣು ಸೋಲುವಾಗ ಬೇಕೆಂದೇ ಹೀಗೆ ಮಾಡುವವರೂ ಇದ್ದಾರೆ: ಪ್ರತಿ ಸಂದಿನಿಂದಲೂ ಎತ್ತಿಕೊಂಡು ಮರುಸುತ್ತಿನಲ್ಲಿ ನಾಲ್ಕನ್ನು ಮೂರು ಮಾಡುವುದು. ಬಿಡುವ ಸಂದಿನ ಯೋಚನೆಯೇ ಇರುವುದಿಲ್ಲ. ಬುಡ ಸ್ವಲ್ಪ ದಪ್ಪವಾಗುತ್ತದೆ ಅಷ್ಟೆ.

ಎಲ್ಲೋ ಒಂದೆರಡು ಸಣ್ಣ ಕಿಂಡಿಗಳಿದ್ದರೆ, ಮೊದಲ ಸುತ್ತಿನಲ್ಲಿ ಆ ಕುಣಿಕೆಗಳನ್ನು ಮುಂದಿನ ಎಳೆಯಿಂದಲ್ಲದೆ ಹಿಂದಿನ ಎಳೆಯಿಂದ ಹೆಣೆಯಿರಿ. ಕುಣಿಕೆ ಒಂದು ತಿರುವು ಪಡೆದು ಬುಡ ಬಿಗಿಯಾಗುತ್ತದೆ. ಆದರೆ ಅಂಚಿನುದ್ದಕ್ಕೂ ತೂತುಗಳಿದ್ದರೆ ಒಂಟಿ ಎಳೆಯಿಂದ ಎತ್ತಿದ್ದೀರಿ ಎಂದೇ ಅರ್ಥ. ಅದಕ್ಕೆ ಬಿಚ್ಚುವುದೊಂದೇ ದಾರಿ.

ಒದ್ದೆ ಮಾಡಿ ಹರಡಿ ಒಣಗಿಸಿದರೆ ಅಲೆ ಹೋಗುತ್ತದೆ ಎಂಬ ಸಮಾಧಾನದ ಮಾತನ್ನು ಪೂರ್ತಿ ನಂಬಬೇಡಿ. ಅಪ್ಪಟ ಉಣ್ಣೆಯಲ್ಲಿ ಎರಡು ಮೂರು ಕುಣಿಕೆಗಳ ಹೆಚ್ಚುಕಡಿಮೆ ಹಾಗೆ ಅಡಗೀತು. ಅಂಗಡಿಯಲ್ಲಿ ಉಲ್ಲನ್ ಎಂದು ಕೊಡುವುದು ಎಷ್ಟೋ ಸಲ ಅಕ್ರಿಲಿಕ್. ನೀರಿಗೆ ಅದು ಮಣಿಯುವುದಿಲ್ಲ, ಬಿಸಿ ಇಸ್ತ್ರಿ ಒತ್ತಿದರೆ ರಿಬ್ಬಿನ ಪುಟಿತವೇ ಸತ್ತು ಪಟ್ಟಿ ಚಪ್ಪಟೆಯಾಗಿ ಜೋಲುತ್ತದೆ. ಹತ್ತಿ ನೂಲಿಗೆ ಹಿಂದಕ್ಕೆ ಪುಟಿಯುವ ಗುಣ ಕಡಿಮೆ ಇರುವುದರಿಂದ ಅದರಲ್ಲಿ ಲೆಕ್ಕಕ್ಕಿಂತ ಒಂದೆರಡು ಕುಣಿಕೆ ಕಡಿಮೆ ಎತ್ತುವುದು ವಾಸಿ.

ಅಣ್ಣನ ಸ್ವೆಟರನ್ನು ಚಾಪೆಯ ಮೇಲೆ ಹರಡಿದಾಗ ಎಡಬದಿ ಸರಿಯಾಗಿ ಕೂತಿತ್ತು. ಬಲಬದಿಯಲ್ಲಿ ಭುಜದ ಹತ್ತಿರ ಸಣ್ಣದೊಂದು ಸುಕ್ಕು. ಪಿನ್ನುಗಳ ನಡುವೆ ಎಣಿಸಿ ನೋಡಿದರೆ ಕೊನೆಯ ಭಾಗದಲ್ಲಿ ಎಂಟು, ಅದರ ಹಿಂದಿನದರಲ್ಲಿ ಹತ್ತು ಇದ್ದವು. ದೊಡ್ಡಮ್ಮ ಏನೂ ಹೇಳಲಿಲ್ಲ. ನಾನು ಬಲಬದಿಯನ್ನಷ್ಟೇ ಬಿಚ್ಚಿಕೊಳ್ಳಲು ಆಗದೆಂದು ಮೂರು ಸುತ್ತನ್ನೂ ಬಿಚ್ಚಿದೆ. ಬೆನ್ನಿನವನ್ನೂ ಬಲಬದಿಯವನ್ನೂ ಕಳಚಿ, ಎಡಬದಿಯ 45ನ್ನೂ ನಡುವಿನದನ್ನೂ ಕಡ್ಡಿಯ ಮೇಲೆಯೇ ಉಳಿಸಿಕೊಂಡು, ಅಲ್ಲಿಂದ ಮುಂದಕ್ಕೆ ಮತ್ತೆ ಎತ್ತಿದೆ.